ಸರಾಸರಿಯನ್ನು ಬದಿಗಿಟ್ಟು ನೌಕರಿಗೆ ಮರಳಿದೆ: ನನ್ನ ಅನುಭವ

ಆರು ವರ್ಷಗಳ ಫ್ರೀಲಾನ್ಸ್ ವಿನ್ಯಾಸ ವೃತ್ತಿಯನ್ನು ಬಿಟ್ಟು ಪೂರ್ಣಾವಧಿ ನೌಕರಿಗೆ ಮರಳುತ್ತೇನೆ ಎಂದಾಗ ಜೊತೆಗಾರರೆಲ್ಲ ಬೇಡವೆಂದರು. 'ಈಗ ಗಳಿಸುವುದಕ್ಕಿಂತ ಸಂಬಳ ಕಡಿಮೆ, ಇದೇನು ಲೆಕ್ಕ?' ಎಂದು ಆಪ್ತರೊಬ್ಬರು ನೇರವಾಗಿಯೇ ಕೇಳಿದರು. ಸೇರಿ ಸುಮಾರು ಒಂದೂವರೆ ವರ್ಷವಾಗಿದೆ. ನನ್ನ ಲೆಕ್ಕ ಸರಿಯಾಗಿಯೇ ಇತ್ತು. ಈಗ ಅವರಲ್ಲೇ ಇಬ್ಬರು ನಾನು ಲೆಕ್ಕ ಹಾಕಿದ ಹಾಳೆಯನ್ನು ಕೇಳಿ ಪಡೆದಿದ್ದಾರೆ.

ಆದಾಯ, ಬೆಳವಣಿಗೆ, ಶಕ್ತಿ ಮೂರಕ್ಕೂ ಹತ್ತರಲ್ಲಿ ಅಂಕ ಹಾಕಿ ಕೂಡುವುದನ್ನು ಮೊದಲು ಪ್ರಯತ್ನಿಸಿದೆ. ಅದು ಕೆಲಸಕ್ಕೆ ಬರಲಿಲ್ಲ. ದೊಡ್ಡ ಬಿಲ್ಲಿನ ಹಣ ಬಂದ ವಾರ ಫ್ರೀಲಾನ್ಸ್ ಗೆಲ್ಲುತ್ತಿತ್ತು, ಹಣ ತಡವಾದ ವಾರ ನೌಕರಿ ಗೆಲ್ಲುತ್ತಿತ್ತು. ಹಾಗಾಗಿ ಅಂಕ ಬಿಟ್ಟು ಬ್ಯಾಂಕಿನ ದಾಖಲೆ ಹಿಡಿದೆ.

ಮನೆ ನಡೆಸಲು ತಿಂಗಳಿಗೆ ಬೇಕಾಗುವ ಹಣವನ್ನು 100 ಎಂದಿಟ್ಟುಕೊಳ್ಳಿ. ಎರಡು ವರ್ಷಗಳಲ್ಲಿ ನನ್ನ ಸರಾಸರಿ ಗಳಿಕೆ ಹೆಚ್ಚುಕಡಿಮೆ 170 ಇತ್ತು. ಹೊಸ ಕೆಲಸದಲ್ಲಿ ಕೈಗೆ ಬರುವ ಸಂಬಳ 140. ಎಲ್ಲರೂ ನೋಡುತ್ತಿದ್ದದ್ದು ಇಷ್ಟನ್ನೇ. ಆದರೆ ತೆರಿಗೆ, ವಿಮೆ, ಸಾಫ್ಟ್‌ವೇರ್ ಶುಲ್ಕ, ಕಂಪ್ಯೂಟರ್ ಬದಲಿಸಲು ತೆಗೆದಿಡುವ ಪಾಲು ಕಳೆದರೆ 170 ಎನ್ನುವುದು 145ಕ್ಕೆ ಇಳಿಯುತ್ತದೆ. ಇಲ್ಲಿಗೇ ಅಂತರ ಬಹುಪಾಲು ಮುಗಿಯಿತು.

ಬಳಿಕ ಸತತ ಮೂರು ತಿಂಗಳುಗಳ ಗುಂಪು ಮಾಡಿ, ಅವುಗಳಲ್ಲಿ ಅತಿ ಕೆಟ್ಟದ್ದನ್ನು ಹುಡುಕಿದೆ. ಬಿಲ್ ಕಳಿಸಿದ ದಿನವನ್ನಲ್ಲ, ಹಣ ಖಾತೆಗೆ ಬಿದ್ದ ದಿನವನ್ನು ಹಿಡಿಯಬೇಕು. ಇಲ್ಲದಿದ್ದರೆ ಕೆಟ್ಟ ಕಾಲ ಕಣ್ಣಿಗೇ ಬೀಳುವುದಿಲ್ಲ. ನನ್ನ ಅತಿ ಕೆಟ್ಟ ಮೂರು ತಿಂಗಳುಗಳ ಸರಾಸರಿ 70ರ ಆಸುಪಾಸು. ಗಳಿಕೆಯ ಅರ್ಧಕ್ಕಿಂತ ಹೆಚ್ಚು ಒಬ್ಬರೇ ಗ್ರಾಹಕರಿಂದ ಬರುತ್ತಿತ್ತು. ಅವರನ್ನು ತೆಗೆದು ಲೆಕ್ಕ ಹಾಕಿದರೆ ಉಳಿಯುವುದು ಮನೆ ಖರ್ಚಿನ ಅರ್ಧದಷ್ಟು. ಉಳಿತಾಯವೋ ನಾಲ್ಕೈದು ತಿಂಗಳಿಗೆ ಸಾಕಾಗುವಷ್ಟು. ಒಂದು ವರ್ಷಕ್ಕೆ ಸಾಕಾಗುವ ಉಳಿತಾಯ ಇರುವವರಿಗೆ ಈ ಅಂಕಿ ಇಷ್ಟು ಭಾರವಾಗದು. ನಡುವೆ ತಿಂಗಳ ಶುಲ್ಕದ ಒಪ್ಪಂದಗಳನ್ನು ಮಾಡಿಕೊಂಡು ಏರಿಳಿತ ತಗ್ಗಿಸಲು ನೋಡಿದೆ. ಏರಿಳಿತ ತಗ್ಗಿತು ನಿಜ, ಆದರೆ 'ಇದನ್ನೂ ಸ್ವಲ್ಪ ನೋಡಿಬಿಡಿ' ಎಂಬ ಬಿಡಿ ಕೆಲಸಗಳು ಆ ಶುಲ್ಕವನ್ನು ನುಂಗಿದವು.

ಬೆಳವಣಿಗೆಯನ್ನು ಅಳೆಯಲು ಹಿಂದಿನ ವರ್ಷದ ಕೆಲಸಗಳನ್ನೆಲ್ಲ ಬರೆದು, ಮೊದಲ ಬಾರಿಗೆ ಮಾಡಿದ್ದು ಯಾವುದು ಎಂದು ಗುರುತು ಹಾಕಿದೆ. ಎರಡಕ್ಕೆ ಮಾತ್ರ ಗುರುತು ಬಿತ್ತು. ಹೊರಗಿನವರಿಗೆ ಜನ ಹಣ ಕೊಡುವುದು ಈಗಾಗಲೇ ಮಾಡಿ ತೋರಿಸಿದ ಕೆಲಸಕ್ಕೆ. ಕಲಿಯುವ ಅವಕಾಶ ಅಲ್ಲಿ ಹುಟ್ಟುವುದು ಅಪರೂಪ. ಸಂದರ್ಶನದಲ್ಲಿ, ಈ ಹುದ್ದೆಯಲ್ಲಿ ಹಿಂದೆ ಇದ್ದವರು ಈಗ ಏನು ಮಾಡುತ್ತಿದ್ದಾರೆ ಎಂದು ಕೇಳಿದೆ. ಅದೇ ಸಂಸ್ಥೆಯಲ್ಲಿ ಒಂದು ತಂಡ ನಡೆಸುತ್ತಿದ್ದಾರೆ ಎಂಬ ಉತ್ತರ ಬಂತು. ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಕೇಳತೊಡಗಿದರೆ ಸಿದ್ಧ ಉತ್ತರವೇ ಸಿಗುತ್ತದೆ.

ನಿರ್ಧಾರವನ್ನು ತೂಗಿದ್ದು ಶಕ್ತಿಯ ಲೆಕ್ಕ. 'ಇಂದು ಆಯಾಸವಾಯಿತೇ' ಎಂದು ಕೇಳಿಕೊಂಡರೆ ಪ್ರತಿದಿನವೂ ಹೌದೆಂಬ ಉತ್ತರವೇ. ಬದಲಿಗೆ, ಬೆಳಗಿನ ಮೊದಲ ಮೂರು ಗಂಟೆ ವಿನ್ಯಾಸಕ್ಕೆ ಹೋಯಿತೇ, ಬೇರೆಯದಕ್ಕೆ ಹೋಯಿತೇ ಎಂದಷ್ಟೇ ಪ್ರತಿ ಸಂಜೆ ಬರೆದಿಟ್ಟೆ. ಎರಡು ತಿಂಗಳ ಪಟ್ಟಿಯಲ್ಲಿ ಅರ್ಧದಷ್ಟು ಬೆಳಗುಗಳು ದರಪಟ್ಟಿ ಕಳಿಸುವುದರಲ್ಲಿ, ಬಾಕಿ ಹಣಕ್ಕೆ ನೆನಪೋಲೆ ಬರೆಯುವುದರಲ್ಲಿ, ಹೊಸ ಗ್ರಾಹಕರನ್ನು ಹುಡುಕುವುದರಲ್ಲಿ ಕರಗಿದ್ದವು. ನನ್ನ ಅತ್ಯುತ್ತಮ ಗಂಟೆಗಳಿಗೆ ಯಾರೂ ಹಣ ಕೊಡುತ್ತಿರಲಿಲ್ಲ.

ನೌಕರಿಯೂ ಶಕ್ತಿ ಹೀರುತ್ತದೆಂಬ ವಾದವನ್ನು ಪರೀಕ್ಷಿಸಲು ಕೆಲವು ವಾರ ತಾಲೀಮು ಮಾಡಿದೆ. ನಿಗದಿತ ಸಮಯಕ್ಕೆ ಹೊರಟು, ಆ ಕಚೇರಿಯವರೆಗಿನ ದಾರಿಯನ್ನು ಅದೇ ಗಂಟೆಯಲ್ಲಿ ಕ್ರಮಿಸಿ, ಹತ್ತಿರದ ಗ್ರಂಥಾಲಯದಲ್ಲಿ ಸಂಜೆಯವರೆಗೆ ನನ್ನದೇ ಕೆಲಸ ಮಾಡಿದೆ. ಖರ್ಚನ್ನೂ ಸಂಬಳದ ಮಿತಿಯೊಳಗೇ ಇಟ್ಟೆ. ನಿಗದಿತ ಸಮಯ ನನ್ನನ್ನು ದಣಿಸಲಿಲ್ಲ, ದಣಿಸಿದ್ದು ಪ್ರಯಾಣ. ಈ ಒಂದು ಸಂಗತಿ ಗೊತ್ತಾದ್ದರಿಂದ ಮಾತುಕತೆಯಲ್ಲಿ ಸಂಬಳ ಹೆಚ್ಚಿಸಿ ಎಂದು ಕೇಳಲಿಲ್ಲ. 140ರ ಬದಲು 132ಕ್ಕೆ ಒಪ್ಪಿ, ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡುವ ಅನುಮತಿಯನ್ನು ನೇಮಕಾತಿ ಪತ್ರದಲ್ಲೇ ಬರೆಸಿಕೊಂಡೆ. ಬಾಯಿಮಾತಿನ ಭರವಸೆ ವ್ಯವಸ್ಥಾಪಕರು ಬದಲಾದೊಡನೆ ಹೋಗುತ್ತದೆ.

ಸಭೆಗಳ ದಣಿವನ್ನು ಮಾತ್ರ ತಾಲೀಮಿನಲ್ಲಿ ಅಳೆಯಲಾಗಲಿಲ್ಲ. ಸೇರಿದ ಮೇಲೆ ಅದು ಅಂದಾಜಿಗಿಂತ ಹೆಚ್ಚೇ ಬಂತು. ಬೆಳಗಿನ ಗಂಟೆಗಳನ್ನು ಕ್ಯಾಲೆಂಡರಿನಲ್ಲಿ ಮುಚ್ಚಿಟ್ಟು ನಿಭಾಯಿಸುತ್ತಿದ್ದೇನೆ. ಸಂಜೆಯ ಟಿಪ್ಪಣಿ ಈಗಲೂ ಬರೆಯುತ್ತೇನೆ: ಐದು ಬೆಳಗುಗಳಲ್ಲಿ ನಾಲ್ಕು ವಿನ್ಯಾಸಕ್ಕೆ ಸಿಗುತ್ತಿವೆ. ಅದು ಎರಡಕ್ಕೆ ಇಳಿದು ಒಂದೆರಡು ತಿಂಗಳು ಹಾಗೆಯೇ ನಿಂತರೆ, ಇದೇ ಹಾಳೆಯನ್ನು ಎದುರು ದಿಕ್ಕಿನಿಂದ ತುಂಬಲು ಕೂರುತ್ತೇನೆ.