ಆಂಟಾಸಿಡ್ ಮಾತ್ರೆಯ ಬ್ಯಾಕ್ ಟೈಟ್ರೇಷನ್: ಕುದಿಸದೆ ಲೆಕ್ಕ ಹಾಕಬೇಡಿ

ದಾವಣಗೆರೆಯ ಕಾಲೇಜೊಂದರ ಲ್ಯಾಬಿನಲ್ಲಿ ಬಿಎಸ್ಸಿ ಮಕ್ಕಳಿಗೆ ಈ ಪ್ರಯೋಗ ಮಾಡಿಸುತ್ತೇನೆ. ಬೆಣ್ಣೆ ದೋಸೆ ಊರಲ್ಲಿ ಆಂಟಾಸಿಡ್ ಮಾತ್ರೆಗೇನೂ ಬರ ಇಲ್ಲ. ಆದರೆ ಕೊಳ್ಳುವ ಮೊದಲು ಪಟ್ಟಿಯ ಹಿಂಭಾಗ ಓದಿ ನೋಡುತ್ತೇನೆ. ಕ್ಯಾಲ್ಸಿಯಂ ಕಾರ್ಬೊನೇಟ್ ಒಂದೇ ಇರುವ, ಬಣ್ಣವಿಲ್ಲದ ಮಾತ್ರೆಯೇ ಬೇಕು.

ಕಾರ್ಬೊನೇಟ್ ನೀರಿನಲ್ಲಿ ಕರಗುವುದಿಲ್ಲ. ನೇರವಾಗಿ ಆಮ್ಲ ಹನಿಸುತ್ತಾ ಹೋದರೆ ಕೊನೆಯ ಕಾಳು ಕರಗುವವರೆಗೆ ಬಣ್ಣ ಹಿಂದೆ ಮುಂದೆ ಆಡುತ್ತಲೇ ಇರುತ್ತದೆ. ಅದಕ್ಕೇ ಮೊದಲು ಆಮ್ಲವನ್ನು ಜಾಸ್ತಿ ಹಾಕಿ, ಉಳಿದದ್ದನ್ನು ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಅಳೆಯುವುದು.

CaCO3 + 2HCl → CaCl2 + H2O + CO2

ನಾವು ತಂದ ಮಾತ್ರೆಯ ತೂಕ 1.250 ಗ್ರಾಂ. ಅದರಲ್ಲಿ 500 ಮಿ.ಗ್ರಾಂ ಕಾರ್ಬೊನೇಟ್ ಇದೆ ಎಂದು ಬರೆದಿತ್ತು. ನುಣ್ಣಗೆ ಅರೆದು, 0.500 ಗ್ರಾಂ ಪುಡಿಯನ್ನು ಕೋನಿಕಲ್ ಫ್ಲಾಸ್ಕಿಗೆ ಹಾಕಿ, ಸುಮಾರು 0.1 M ಹೈಡ್ರೋಕ್ಲೋರಿಕ್ ಆಮ್ಲವನ್ನು ಪಿಪೆಟ್‌ನಲ್ಲಿ 50 ಮಿ.ಲೀ. ಬಿಟ್ಟೆವು. ನೊರೆ ಉಕ್ಕಿ ಪುಡಿ ಗೋಡೆಗೆ ಅಂಟಿಕೊಳ್ಳುತ್ತದೆ. ಅದನ್ನು ಡಿಸ್ಟಿಲ್ಡ್ ನೀರಿನಿಂದ ಕೆಳಗೆ ತೊಳೆಯಬೇಕು. ಬೋರ್‌ವೆಲ್ ನೀರು ಬೇಡವೇ ಬೇಡ. ಅದರಲ್ಲಿರುವ ಬೈಕಾರ್ಬೊನೇಟ್ ಕೂಡ ಆಮ್ಲ ತಿನ್ನುತ್ತದೆ.

ನೊರೆ ನಿಂತಿತು ಅಂದ ಮಾತ್ರಕ್ಕೆ ಮುಗಿಯಲಿಲ್ಲ. ಕಾರ್ಬನ್ ಡೈಆಕ್ಸೈಡ್ ಒಂದಿಷ್ಟು ದ್ರಾವಣದಲ್ಲೇ ಕರಗಿ ಕುಳಿತಿರುತ್ತದೆ. ಫಿನಾಫ್ಥಲೀನ್ ಗುಲಾಬಿಯಾಗುವ ಹೊತ್ತಿಗೆ ಅದೂ ಹೈಡ್ರಾಕ್ಸೈಡ್ ಕುಡಿಯುತ್ತದೆ. ಆಗ ಉಳಿದ ಆಮ್ಲ ಜಾಸ್ತಿ ಕಾಣುತ್ತದೆ, ಕಾರ್ಬೊನೇಟ್ ಕಡಿಮೆ ಬರುತ್ತದೆ. ಗುರುತು ಸುಲಭ: ಗುಲಾಬಿ ಬಂದು, ಫ್ಲಾಸ್ಕ್ ಅಲ್ಲಾಡಿಸಿದರೆ ಕೆಲವೇ ಸೆಕೆಂಡಿನಲ್ಲಿ ಮಾಯ. ಮಕ್ಕಳು ಇನ್ನೊಂದು ಹನಿ, ಮತ್ತೊಂದು ಹನಿ ಎಂದು ಬಿಡುತ್ತಲೇ ಹೋಗುತ್ತಾರೆ. ಹಾಗಾಗಿ ಐದು ನಿಮಿಷ ಮೆಲ್ಲಗೆ ಕುದಿಸಿ, ತಣ್ಣಗಾದ ಮೇಲೆ ಟೈಟ್ರೇಟ್ ಮಾಡುತ್ತೇವೆ. "ಸರ್, ಆಮ್ಲವೂ ಹಾರಿಹೋಗಲ್ವಾ?" ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಇಷ್ಟು ತೆಳು ಆಮ್ಲ ಕುದಿದಾಗ ಹೋಗುವುದು ಬಹುಪಾಲು ನೀರೇ. ಬತ್ತಿಸಬಾರದು, ಅಷ್ಟೇ.

ಕುದಿಸದ ಫ್ಲಾಸ್ಕಿಗೆ 11.1 ಮಿ.ಲೀ. ಹಿಡಿಯಿತು, ಕುದಿಸಿದ್ದಕ್ಕೆ 10.4. ಆಕ್ಸಾಲಿಕ್ ಆಮ್ಲದಿಂದ ನೋಡಿದಾಗ ನಮ್ಮ ಹೈಡ್ರಾಕ್ಸೈಡ್ 0.1010 M ಇತ್ತು. ಮಾತ್ರೆ ಹಾಕದ 50 ಮಿ.ಲೀ. ಆಮ್ಲಕ್ಕೆ ಅದು 49.6 ಮಿ.ಲೀ. ಬೇಕಾಯಿತು. ವ್ಯತ್ಯಾಸ 39.2 ಮಿ.ಲೀ., ಅಂದರೆ ಮಾತ್ರೆ ತಿಂದ ಆಮ್ಲ 3.96 ಮಿಲಿಮೋಲ್. ಒಂದು ಕಾರ್ಬೊನೇಟಿಗೆ ಎರಡು ಆಮ್ಲ ಬೇಕಲ್ವಾ, ಅದಕ್ಕೆ ಅರ್ಧ ಮಾಡಿದರೆ 1.98. ಅದನ್ನು 100.09ರಿಂದ ಗುಣಿಸಿದರೆ ಸುಮಾರು 198 ಮಿ.ಗ್ರಾಂ, ಇಡೀ ಮಾತ್ರೆಗೆ 495. ಕುದಿಸದ ಲೆಕ್ಕದಲ್ಲಿ ಬಂದದ್ದು 486 ಮಾತ್ರ.

ಆಮ್ಲದಲ್ಲಿ ಕರಗದ ಬಿಳಿ ಮಸುಕು ಉಳಿದರೆ ಗಾಬರಿ ಬೇಡ. ಅದು ಟಾಲ್ಕ್, ಪಿಷ್ಟದಂಥದ್ದು, ಆಮ್ಲ ತಿನ್ನುವುದಿಲ್ಲ. ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಇರುವ ಮಾತ್ರೆ ತಂದುಬಿಟ್ಟರೆ ಮಾತ್ರ ಈ ಲೆಕ್ಕ ನಡೆಯದು. ಅವೂ ಆಮ್ಲ ತಿನ್ನುತ್ತವೆ, ಯಾರು ಎಷ್ಟು ತಿಂದರು ಎಂದು ಬ್ಯುರೆಟ್ ಹೇಳುವುದಿಲ್ಲ.