ಆಫರ್‌ಗೆ ಹೂಂ ಅನ್ನುವ ಮುಂಚೆ ಅಪ್ರೈಸಲ್ ಕಟ್-ಆಫ್ ತಾರೀಖು ಕೇಳಿ

ರಿಕ್ರೂಟರ್ ಹತ್ರ "ಅಪ್ರೈಸಲ್ ಯಾವಾಗ?" ಅಂತ ಸುಮ್ನೆ ಕೇಳಬೇಡಿ. "ಏಪ್ರಿಲ್‌ನಲ್ಲಿ" ಅಂತಾರೆ, ಅಷ್ಟೇ. ಹೀಗೆ ಕೇಳಿ: "ನಾನು ಅಕ್ಟೋಬರ್ 3ಕ್ಕೆ ಸೇರಿದರೆ ನನ್ನ ಮೊದಲ ಇನ್‌ಕ್ರಿಮೆಂಟ್ ಯಾವ ತಿಂಗಳ ಸಂಬಳದಲ್ಲಿ ಬರುತ್ತೆ? ಪೂರ್ತಿನಾ, ಪ್ರೊ-ರೇಟಾನಾ?" ಏಪ್ರಿಲ್-ಮಾರ್ಚ್ ಸೈಕಲ್ ಇರುವ ಎಷ್ಟೋ ಕಂಪನಿಗಳಲ್ಲಿ ಒಂದು ಕಟ್-ಆಫ್ ಇರುತ್ತೆ. ಅದು ಸೆಪ್ಟೆಂಬರ್ 30 ಆಗಿದ್ದರೆ, ಮೂರು ದಿನ ತಡವಾಗಿ ಸೇರಿದವರು ಮುಂದಿನ ಏಪ್ರಿಲ್ ಬಿಟ್ಟು ಅದರಾಚೆಯ ಏಪ್ರಿಲ್‌ವರೆಗೆ, ಅಂದ್ರೆ 18 ತಿಂಗಳು, ಅದೇ ಸಂಬಳದಲ್ಲಿ ಇರಬೇಕು. 12 ಲಕ್ಷದ ಸಂಬಳಕ್ಕೆ 10% ಹೆಚ್ಚಳ ಅಂದುಕೊಂಡರೆ ತಪ್ಪಿಹೋಗುವುದು ವರ್ಷಕ್ಕೆ 1.2 ಲಕ್ಷ. ಆಗಸ್ಟ್ 1ಕ್ಕೆ ಸೇರಿ ಕಟ್-ಆಫ್ ಒಳಗೆ ಬಂದರೂ, ಪ್ರೊ-ರೇಟಾ ಆದರೆ ಎಂಟು ತಿಂಗಳ ಲೆಕ್ಕಕ್ಕೆ ಆ 10% ಸುಮಾರು 6.7% ಆಗುತ್ತೆ. ಇದು ಮೊದಲೇ ಗೊತ್ತಾದರೆ ಸೇರುವ ದಿನವನ್ನು ಸ್ವಲ್ಪ ಹಿಂದಕ್ಕೆ ತರಬಹುದು, ಇಲ್ಲವಾದರೆ ಫಿಕ್ಸೆಡ್ ಜಾಸ್ತಿ ಕೇಳಬಹುದು. ಬೋನಸ್‌ಗೆ ಇನ್ನೊಂದು ಪ್ರಶ್ನೆ ಸೇರಿಸಿ: ಹಣ ಕೊಡುವ ದಿನ ನೋಟಿಸ್ ಪೀರಿಯಡ್‌ನಲ್ಲಿದ್ದರೂ ಸಿಗುತ್ತಾ? ಎಷ್ಟೋ ಕಡೆ ಸಿಗಲ್ಲ. ಉತ್ತರ ಫೋನಲ್ಲಿ ಬಂದರೆ ಅದನ್ನೇ ಮೇಲ್ ಮಾಡಿ "ಸರಿ ಅಲ್ವಾ?" ಅಂತ ಖಚಿತ ಮಾಡಿಕೊಳ್ಳಿ. ಹೊರಗಿನ ಕನ್ಸಲ್ಟೆನ್ಸಿಯವರಿಗೆ ಇದು ಗೊತ್ತಿರದೆ ಇರಬಹುದು, ಕಂಪನಿಯ ಎಚ್‌ಆರ್‌ಗೇ ಕೇಳಿ. ಸೈಕಲ್ಲೇ ಇಲ್ಲದ ಸಣ್ಣ ಕಂಪನಿಗಳಲ್ಲಿ ಈ ಪ್ರಶ್ನೆ ನಡೆಯಲ್ಲ. ಅಲ್ಲಿ "12 ತಿಂಗಳಿಗೆ ರಿವ್ಯೂ" ಅಂತ ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಿ.