ಮಿಂಚಿನಿಂದ ಗುಡುಗಿನವರೆಗೆ: ನಾನು ಸೆಕೆಂಡು ಎಣಿಸುವ ಕ್ರಮ

ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಷ್ಟು ಸೆಕೆಂಡು ಆಯಿತೆಂದು ಎಣಿಸಿ ಮೂರರಿಂದ ಭಾಗಿಸಿದರೆ, ಮಿಂಚು ಎಷ್ಟು ಕಿಲೋಮೀಟರ್ ದೂರದಲ್ಲಿತ್ತು ಎಂಬುದು ಸಿಗುತ್ತದೆ. ಲೆಕ್ಕ ಇಷ್ಟೇ. ಎಡವಟ್ಟಾಗುವುದು ಎಣಿಸುವಾಗ, ಇಲ್ಲವೇ ಬಂದ ಉತ್ತರಕ್ಕೆ ಅರ್ಥ ಹಚ್ಚುವಾಗ.

ಮಿಂಚು ಮತ್ತು ಗುಡುಗು ಹುಟ್ಟುವುದು ಒಟ್ಟಿಗೇ. ವಿದ್ಯುತ್ತು ಹರಿದ ಜಾಡಿನ ಗಾಳಿ ಕಣ್ಣು ಮಿಟುಕಿಸುವುದರೊಳಗೆ ಸುಮಾರು 30,000 ಡಿಗ್ರಿಗೆ ಕಾದು, ಒಮ್ಮೆಲೇ ಹಿಗ್ಗಿ ಸುತ್ತಲಿನ ಗಾಳಿಗೆ ಅಪ್ಪಳಿಸುತ್ತದೆ. ಆ ಹೊಡೆತವೇ ಗುಡುಗು. ಬೆಳಕು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಓಡುವುದರಿಂದ ಮಿಂಚು ಆದ ಕೂಡಲೇ ಕಾಣುತ್ತದೆ. ಶಬ್ದಕ್ಕಾದರೋ ಒಂದು ಕಿಲೋಮೀಟರ್ ದಾಟಲು ಮೂರು ಸೆಕೆಂಡು ಬೇಕು. ಹವೆ ಬೆಚ್ಚಗಿದ್ದರೆ ಶಬ್ದ ತುಸು ಬೇಗ ಸಾಗುತ್ತದೆ: 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 331 ಮೀಟರ್, 30 ಡಿಗ್ರಿಯಲ್ಲಿ ಸುಮಾರು 349. ಈ ವ್ಯತ್ಯಾಸಕ್ಕೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ, ಎಣಿಕೆಯ ತಪ್ಪೇ ಅದಕ್ಕಿಂತ ದೊಡ್ಡದಿರುತ್ತದೆ. ಕೆಲವರು ಒಂದು ಸೆಕೆಂಡಿಗೆ ಒಂದು ಕಿಲೋಮೀಟರ್ ಎಂದು ಹಿಡಿಯುತ್ತಾರೆ. ಅದು ಅಪಾಯದ ತಪ್ಪು. ಮೂರು ಕಿಲೋಮೀಟರ್ ಆಚೆಗಿನ ಮಿಂಚು ಒಂಬತ್ತು ಕಿಲೋಮೀಟರ್ ದೂರದಲ್ಲಿದೆ ಎಂಬ ಭ್ರಮೆ ಹುಟ್ಟಿಸುತ್ತದೆ.

ಗಡಿಯಾರ ಕೈಯಲ್ಲಿಲ್ಲದಾಗ ನಾನು ‘ಸಾವಿರದ ಒಂದು, ಸಾವಿರದ ಎರಡು’ ಎಂದು ಮಾಮೂಲಿ ಮಾತಿನ ವೇಗದಲ್ಲಿ ಹೇಳಿಕೊಳ್ಳುತ್ತೇನೆ. ಒಂದೊಂದು ಪದಜೋಡಿಗೆ ಹೆಚ್ಚುಕಡಿಮೆ ಒಂದು ಸೆಕೆಂಡು ಹಿಡಿಯುತ್ತದೆ. ಬರೀ ‘ಒಂದು, ಎರಡು’ ಎಂದರೆ ನಾಲಿಗೆ ಓಡತೊಡಗಿ ದೂರ ಹೆಚ್ಚಾಗಿ ಬರುತ್ತದೆ. ಮಿಂಚಿದ ತಕ್ಷಣ ‘ಸಾವಿರದ ಒಂದು’ ಶುರು ಮಾಡಿ, ಪೂರ್ತಿ ಹೇಳಿ ಮುಗಿಸಿದವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ‘ಸಾವಿರದ ಏಳು’ ಎನ್ನುತ್ತಿರುವಾಗ ಗುಡುಗಿದರೆ ಕಳೆದದ್ದು ಆರು ಸೆಕೆಂಡು ಮತ್ತು ಚಿಲ್ಲರೆ, ಅಂದರೆ ಎರಡು ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ಒಂದು ಸೆಕೆಂಡು ತಪ್ಪಿದರೆ ಸುಮಾರು 340 ಮೀಟರ್ ತಪ್ಪುತ್ತದೆ.

ಎಣಿಕೆ ನಿಲ್ಲಿಸಬೇಕಾದದ್ದು ಗುಡುಗಿನ ಮೊದಲ ಸದ್ದಿಗೆ, ದೊಡ್ಡ ಸದ್ದಿಗಲ್ಲ. ಮಿಂಚಿನ ಜಾಡು ಹಲವು ಕಿಲೋಮೀಟರ್ ಉದ್ದ ಇರಬಹುದು. ಹತ್ತಿರದ ತುದಿಯ ಸದ್ದು ಮೊದಲು ಬರುತ್ತದೆ, ದೂರದ್ದು ಆಮೇಲೆ. ಗುಡುಗು ಒಂದೇ ಏಟಿಗೆ ಮುಗಿಯದೆ ಉರುಳುತ್ತಾ ಹೋಗುವುದಕ್ಕೆ ಮುಖ್ಯ ಕಾರಣ ಇದೇ, ಬೆಟ್ಟವೋ ಕಟ್ಟಡವೋ ಇದ್ದರೆ ಪ್ರತಿಧ್ವನಿಯೂ ಸೇರುತ್ತದೆ. ಬಯಲಿನಲ್ಲಿ ಗುಡುಗು ಒಂಬತ್ತು ಸೆಕೆಂಡು ಉರುಳಿತೆಂದರೆ ಜಾಡಿನ ದೂರದ ಭಾಗ ಹತ್ತಿರದ ಭಾಗಕ್ಕಿಂತ ಸುಮಾರು ಮೂರು ಕಿಲೋಮೀಟರ್ ಆಚೆಗಿತ್ತು ಎಂದು ಅಂದಾಜಿಸಬಹುದು.

ಮಿಂಚುಗಳು ಒಂದರ ಹಿಂದೆ ಒಂದು ಬರುತ್ತಿದ್ದರೆ ಯಾವ ಗುಡುಗು ಯಾವುದರದ್ದು ಎಂದು ತಿಳಿಯುವುದಿಲ್ಲ. ಹಿಂದಿನ ಮಿಂಚಿನ ಗುಡುಗನ್ನು ಹೊಸದಕ್ಕೆ ಜೋಡಿಸಿದರೆ ಮಳೆ ತಲೆಯ ಮೇಲೇ ಬಂದಂತೆ ತೋರುತ್ತದೆ. ಆಗ ನಾನು ಬಿಡುವಿಗಾಗಿ ಕಾಯುತ್ತೇನೆ, ಅಥವಾ ಗೆರೆ ಎಳೆದಂತೆ ಎದ್ದು ಕಾಣುವ ಒಂದು ಮಿಂಚನ್ನು ಹಿಡಿದುಕೊಳ್ಳುತ್ತೇನೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹತ್ತು ನಿಮಿಷದಲ್ಲಿ ಸಿಕ್ಕ ಎಣಿಕೆಗಳು ಕ್ರಮವಾಗಿ 27, 21, 24, 15. ದೂರ 9, 7, 8, 5 ಕಿಲೋಮೀಟರ್. ನಡುವೆ 7 ಇದ್ದದ್ದು 8 ಆಯಿತೆಂದು ಮೋಡ ಹಿಂದೆ ಸರಿಯಿತು ಎನ್ನಲಾಗದು. ದೊಡ್ಡ ಮೋಡದ ಬೇರೆ ಬೇರೆ ಭಾಗಗಳಲ್ಲಿ ಮಿಂಚು ಹುಟ್ಟುತ್ತದೆ. ಒಟ್ಟಿನಲ್ಲಿ 9ರಿಂದ 5ಕ್ಕೆ ಇಳಿದಿದೆ: ಹತ್ತು ನಿಮಿಷಕ್ಕೆ 4 ಕಿಲೋಮೀಟರ್, ಗಂಟೆಗೆ 24. ಹಾಗಿದ್ದರೆ ಉಳಿದ 5 ಕಿಲೋಮೀಟರ್‌ಗೆ ಇನ್ನೂ ಹನ್ನೆರಡು ನಿಮಿಷ ಇದೆಯಲ್ಲ ಎಂದು ಹೊರಗೆ ನಿಲ್ಲುವಂತಿಲ್ಲ. ಮುಂದಿನ ಸಿಡಿಲು ಹಿಂದಿನದಕ್ಕಿಂತ ಹಲವು ಕಿಲೋಮೀಟರ್ ಆಚೆ ಬೀಳಬಹುದು. ಅದಕ್ಕೇ ಎಣಿಕೆ 30ಕ್ಕಿಂತ ಕಡಿಮೆ, ಅಂದರೆ ದೂರ 10 ಕಿಲೋಮೀಟರ್‌ನೊಳಗೆ ಬಂದರೆ ಸಾಕು, ನಾನು ಗಟ್ಟಿ ಕಟ್ಟಡದೊಳಗೆ ಹೋಗುತ್ತೇನೆ. ಮರದಡಿ ನಿಲ್ಲುವ ಮಾತೇ ಇಲ್ಲ. ಈ ಉದಾಹರಣೆಯಲ್ಲಿ ಮೊದಲ 27ಕ್ಕೇ ಒಳಗೆ ಹೋಗಿ, ಉಳಿದವನ್ನು ಕಿಟಕಿಯಿಂದ ಎಣಿಸಬೇಕಿತ್ತು.

ಇನ್ನೆರಡು ಮಿತಿಗಳಿವೆ. ಎಣಿಕೆಯಿಂದ ಸಿಗುವುದು ನೆಲದ ಮೇಲಿನ ದೂರವಲ್ಲ, ಕಿವಿಯಿಂದ ಮಿಂಚಿಗೆ ಇರುವ ನೇರ ದೂರ. ನೆತ್ತಿಯ ಮೇಲೆ ಐದು ಕಿಲೋಮೀಟರ್ ಎತ್ತರದಲ್ಲಿ, ಮೋಡದೊಳಗೇ ಮಿಂಚಿದರೂ 15 ಎಣಿಸುತ್ತೀರಿ. ಮೋಡ ದೂರವಿದೆ ಎನಿಸುತ್ತದೆ, ಆದರೆ ನೀವು ಅದರ ಕೆಳಗೇ ಇರುತ್ತೀರಿ. ಎರಡನೆಯದು, ಮಿಂಚು ಕಂಡು ಗುಡುಗೇ ಕೇಳದಿರುವುದು. ನೆಲದ ಬಳಿ ಬೆಚ್ಚಗೆ, ಮೇಲೆ ತಣ್ಣಗೆ ಇರುವ ಗಾಳಿಯಲ್ಲಿ ಶಬ್ದ ಮೇಲಕ್ಕೆ ಬಾಗುವುದರಿಂದ ಸುಮಾರು 15-20 ಕಿಲೋಮೀಟರ್ ಆಚೆಗಿನ ಗುಡುಗು ಸಾಮಾನ್ಯವಾಗಿ ನಮ್ಮನ್ನು ಮುಟ್ಟುವುದಿಲ್ಲ. ಎಣಿಕೆ ಒಂದು ನಿಮಿಷ ದಾಟಿದರೆ ನಾನು ಅಲ್ಲಿಗೇ ಬಿಟ್ಟು ಮುಂದಿನ ಮಿಂಚಿಗೆ ಕಾಯುತ್ತೇನೆ. ಮಳೆ ದಾಟಿಹೋದಂತೆ ಕಂಡಾಗಲೂ ಅಷ್ಟೇ: ಕೊನೆಯ ಗುಡುಗು ಕೇಳಿ 30 ನಿಮಿಷ ಆದ ಮೇಲೆಯೇ ಹೊರಗೆ ಹೊರಡುವುದು, ನಡುವೆ ಮತ್ತೆ ಗುಡುಗಿದರೆ ಆ 30 ನಿಮಿಷ ಮೊದಲಿನಿಂದ ಶುರು.